ಕಾರ್ಡ್ ಅಪ್ಪನದು, ಖಾತೆ ಮಗಳದು

ಬೆಂಗಳೂರಿನಲ್ಲಿರುವ ಮಗಳು ಶಿವಮೊಗ್ಗದ ಅಪ್ಪನ ಕಾರ್ಡ್ ಕೊಟ್ಟು ತನ್ನ ಇಮೇಲ್‌ನಲ್ಲಿ ಸಿನಿಮಾ ಆ್ಯಪ್‌ಗೆ ಚಂದಾದಾರಳಾಗಿದ್ದಾಳೆ ಅನ್ನಿ. ತಿಂಗಳಿಗೆ 299 ರೂಪಾಯಿ. ರಿಸರ್ವ್ ಬ್ಯಾಂಕ್ ನಿಯಮದಂತೆ, ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಆದರೆ ಅದು ಬರುವುದು ಅಪ್ಪನ ಮೊಬೈಲಿಗೆ; ಮಗಳಿಗಲ್ಲ.

ಬೇಡವೆಂದರೆ ಅಪ್ಪ ಆ್ಯಪ್ ಕಂಪನಿಯನ್ನು ಕೇಳಬೇಕಾಗಿಲ್ಲ. ಬ್ಯಾಂಕಿನ ಸೈಟಿನಲ್ಲಿ ಇ-ಮ್ಯಾಂಡೇಟ್ ಪಟ್ಟಿ ತೆರೆದು, ಒಟಿಪಿ ಹಾಕಿ ರದ್ದು ಮಾಡಬಹುದು. ಇದರಿಂದ ಮುಂದಿನ ಕಂತು ನಿಲ್ಲುತ್ತದೆ, ಅಷ್ಟೇ. ಚಂದಾ ಮುಗಿಸುವುದು, ಕಟ್ಟಿದ ಹಣ ವಾಪಸ್ ಕೇಳುವುದು ಸಾಮಾನ್ಯವಾಗಿ ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಕೆಲಸ. ಅಪ್ಪ ಫೋನ್ ಮಾಡಿದರೆ ಗ್ರಾಹಕ ಸೇವೆಯವರು ಖಾತೆಯ ವಿವರ ಕೊಡದಿರುವುದೇ ಹೆಚ್ಚು, ಅದು ಸರಿಯೂ ಹೌದು. ಮಗಳು ಕೇಳಿ ಪಡೆದರೂ ಹಣ ಸೇರುವುದು ಸಾಮಾನ್ಯವಾಗಿ ಅಪ್ಪನ ಕಾರ್ಡಿಗೇ.

ಕಚೇರಿ ಕಾರ್ಡಿನಲ್ಲಿ ತೊಡಕು ಇನ್ನೂ ಹೆಚ್ಚು. ಕೆಲಸ ಬಿಟ್ಟವರ ಸ್ವಂತ ಇಮೇಲ್‌ನಲ್ಲಿ ಸಾಫ್ಟ್‌ವೇರ್ ಖಾತೆಯಿದ್ದರೆ, ಲೆಕ್ಕಪತ್ರ ವಿಭಾಗ ಹಣ ನಿಲ್ಲಿಸಬಲ್ಲದು, ಲಾಗಿನ್ ಆಗಲಾರದು. ವಾರ್ಷಿಕ ಒಪ್ಪಂದವಾಗಿದ್ದರೆ ಕಾರ್ಡ್ ನಿಲ್ಲಿಸಿದರೂ ಬಾಕಿ ಬಿಲ್ ಬರಬಹುದು. ಹಾಗಾಗಿ ನೌಕರ ಹೊರಡುವ ಮೊದಲೇ ಖಾತೆಯ ಅಡ್ಮಿನ್ ಇಮೇಲ್ ಬದಲಿಸಿಕೊಳ್ಳಬೇಕು.