ಒಂದು ಫೇಸ್ ನೆಲಕ್ಕೆ ತಗುಲಿದಾಗ

ಊರಿನ ಅಂಚಿನಲ್ಲಿ ಎರಡು ಕಂಬಗಳ ನಡುವೆ ಕೂತಿರುವ ಟಿಸಿಯನ್ನು ನಾವೆಲ್ಲ ನೋಡಿದ್ದೇವೆ. ಮೇಲಿನಿಂದ 11,000 ವೋಲ್ಟಿನ ಮೂರು ತಂತಿಗಳು ಬರುತ್ತವೆ. ಕೆಳಗಿನಿಂದ ಆರ್, ವೈ, ಬಿ ಎಂಬ ಮೂರು ಫೇಸ್‌ಗಳು ಮತ್ತು ಒಂದು ನ್ಯೂಟ್ರಲ್, ಒಟ್ಟು ನಾಲ್ಕು ತಂತಿಗಳು ಊರೊಳಗೆ ಹೋಗುತ್ತವೆ. ಆ ಮೂರರಲ್ಲಿ ಒಂದೇ ಒಂದು ಫೇಸ್ ನ್ಯೂಟ್ರಲ್‌ಗೋ ಅರ್ಥಿಂಗ್‌ಗೋ ತಗುಲಿತು ಎನ್ನಿ. ಆಗ ಎಷ್ಟು ಕರೆಂಟ್ ಹರಿಯುತ್ತದೆ? ಫ್ಯೂಸ್ ಹೋಗುತ್ತದೋ ಇಲ್ಲವೋ, ಸ್ವಿಚ್ ಆ ಹೊಡೆತ ತಡೆಯುತ್ತದೋ ಸಿಡಿಯುತ್ತದೋ ಎಂಬುದೆಲ್ಲ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ. ವಿದ್ಯುತ್ ಜಾಲಗಳಲ್ಲಿ ಅತಿ ಹೆಚ್ಚು ಕಾಣುವ ದೋಷವೂ ಇದೇ.

ಮೂರೂ ಫೇಸ್‌ಗಳು ಒಟ್ಟಿಗೆ ಶಾರ್ಟ್ ಆದರೆ ಲೆಕ್ಕ ಸುಲಭ. ಮೂರರಲ್ಲೂ ಒಂದೇ ಸಮನಾದ ಕರೆಂಟ್ ಹರಿಯುವುದರಿಂದ ಒಂದು ಫೇಸಿಗೆ ಮಾಡಿದ ಲೆಕ್ಕವೇ ಉಳಿದೆರಡಕ್ಕೂ ಸಲ್ಲುತ್ತದೆ. ಒಂದೇ ಫೇಸ್ ತಗುಲಿದಾಗ ಆ ಸಮತೋಲ ಕೆಡುತ್ತದೆ. ಒಂದರಲ್ಲಿ ಭಾರೀ ಕರೆಂಟ್ ಇದ್ದರೆ ಉಳಿದೆರಡರಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಆದರೂ ಟ್ರಾನ್ಸ್‌ಫಾರ್ಮರಿನ ಒಳಗೆ ಮೂರು ಸುರುಳಿಗಳೂ ಒಂದೇ ಕಬ್ಬಿಣದ ಕೋರ್ ಮೇಲಿವೆ, ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳುತ್ತದೆ.

ಈ ಗಂಟನ್ನು ಬಿಡಿಸುವ ದಾರಿ ತೋರಿಸಿದವರು ಕೆನಡಾದಲ್ಲಿ ಹುಟ್ಟಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ದುಡಿದ ಎಂಜಿನಿಯರ್ ಚಾರ್ಲ್ಸ್ ಫೋರ್ಟೆಸ್ಕ್ಯೂ. 1913ರಲ್ಲಿ ಅಸಮ ವೋಲ್ಟೇಜಿನಲ್ಲಿ ಓಡುವ ಇಂಡಕ್ಷನ್ ಮೋಟರುಗಳ ಲೆಕ್ಕಕ್ಕೆ ಕೈಹಾಕಿದ ಅವರು 1918ರಲ್ಲಿ ತಮ್ಮ ವಿಧಾನವನ್ನು ಪ್ರಬಂಧವಾಗಿ ಮಂಡಿಸಿದರು. ಅವರು ತೋರಿಸಿದ್ದು ಇಷ್ಟು: ಮೂರು ಫೇಸ್‌ಗಳ ಕರೆಂಟ್ ಎಷ್ಟೇ ಅಸಮವಾಗಿರಲಿ, ಅದನ್ನು ಮೂರು ಸಮತೋಲದ ಗುಂಪುಗಳ ಮೊತ್ತವಾಗಿ ಬರೆಯಬಹುದು. ಮೊದಲನೆಯದು ಪಾಸಿಟಿವ್ ಸೀಕ್ವೆನ್ಸ್. ಇದರಲ್ಲಿ ಮೂರು ಕರೆಂಟ್‌ಗಳು ಸಮ ಗಾತ್ರದವು, ಪರಸ್ಪರ 120 ಡಿಗ್ರಿ ದೂರದವು, ಆರ್, ವೈ, ಬಿ ಎಂಬ ಸರದಿಯಲ್ಲೇ ಬರುವಂಥವು. ಎರಡನೆಯದು ನೆಗೆಟಿವ್ ಸೀಕ್ವೆನ್ಸ್. ಗಾತ್ರವೂ ಅಂತರವೂ ಹಾಗೆಯೇ, ಸರದಿ ಮಾತ್ರ ತಿರುವುಮುರುವು. ಮೂರನೆಯದು ಜೀರೋ ಸೀಕ್ವೆನ್ಸ್. ಇದರಲ್ಲಿ ಮೂರೂ ಕರೆಂಟ್‌ಗಳು ಒಂದೇ ಕ್ಷಣಕ್ಕೆ ಒಂದೇ ದಿಕ್ಕಿಗೆ ಏರಿ ಇಳಿಯುತ್ತವೆ. ಮೊದಲ ಎರಡು ಗುಂಪುಗಳು ಕೂಡಿದಾಗ ತಾವಾಗಿಯೇ ಸೊನ್ನೆಯಾಗುವುದರಿಂದ ಅವಕ್ಕೆ ನ್ಯೂಟ್ರಲ್ ಬೇಕಿಲ್ಲ. ಜೀರೋ ಸೀಕ್ವೆನ್ಸ್ ಹಾಗಲ್ಲ. ಮೂರು ಫೇಸ್‌ಗಳ ಕರೆಂಟೂ ಕೂಡಿಕೊಂಡು, ಒಂದು ಫೇಸಿನ ಮೂರು ಪಟ್ಟಾಗಿ, ನ್ಯೂಟ್ರಲ್ ಅಥವಾ ನೆಲದ ಮೂಲಕವೇ ಹಿಂತಿರುಗಬೇಕು. ಈ ಮೂರು ಪಟ್ಟನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಒಂದು ನಿಜವಾದ ಟಿಸಿಯನ್ನು ತೆಗೆದುಕೊಳ್ಳೋಣ. 250 ಕೆವಿಎ, 11 ಕೆವಿ/433 ವೋಲ್ಟ್, ಹೆಚ್.ಟಿ. ಕಡೆ ಡೆಲ್ಟಾ, ಎಲ್.ಟಿ. ಕಡೆ ಸ್ಟಾರ್, ಸ್ಟಾರಿನ ನಡುವಿನ ಬಿಂದು ಭೂಮಿಗೆ. ನಮ್ಮ ಕಡೆಯ ವಿತರಣಾ ಟ್ರಾನ್ಸ್‌ಫಾರ್ಮರುಗಳ ಸಾಮಾನ್ಯ ಜೋಡಣೆ ಇದು. ಹೆಸರುಪಟ್ಟಿಯಲ್ಲಿ ಇಂಪೀಡೆನ್ಸ್ 4.5% ಎಂದು ಕೊರೆದಿರುತ್ತದೆ. ಅದರ ಅರ್ಥ, ಎಲ್.ಟಿ. ಕಡೆಯನ್ನು ಶಾರ್ಟ್ ಮಾಡಿ ಹೆಚ್.ಟಿ. ಕಡೆಗೆ 11,000 ವೋಲ್ಟಿನ ಶೇಕಡ 4.5 ಪಾಲು, ಅಂದರೆ 495 ವೋಲ್ಟ್ ಕೊಟ್ಟರೆ ಪೂರ್ಣ ಕರೆಂಟ್ ಹರಿಯುತ್ತದೆ ಎಂದು.

ಎಲ್.ಟಿ. ಕಡೆ ಪೂರ್ಣ ಕರೆಂಟ್ 333 ಆಂಪಿಯರ್, ಫೇಸ್ ಮತ್ತು ನ್ಯೂಟ್ರಲ್ ನಡುವೆ 250 ವೋಲ್ಟ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.75 ಓಮ್. ಇದರ 4.5% ಅಂದರೆ 0.0338 ಓಮ್ ಟ್ರಾನ್ಸ್‌ಫಾರ್ಮರಿನ ಸ್ವಂತ ತಡೆ. 11 ಕೆವಿ ಲೈನಿನ ಫಾಲ್ಟ್ ಮಟ್ಟ ಆ ಜಾಗದಲ್ಲಿ 100 ಎಂವಿಎ ಇದ್ದರೆ, ಎಲ್.ಟಿ. ಕಡೆಯಿಂದ ನೋಡಿದಾಗ ಅದರ ತಡೆ 0.0019 ಓಮ್. ಇವೆರಡನ್ನು ಕೂಡಿದರೆ ಪಾಸಿಟಿವ್ ಸೀಕ್ವೆನ್ಸಿನ ಇಂಪೀಡೆನ್ಸ್ Z1 ಸುಮಾರು 0.0356 ಓಮ್. ಚಲಿಸುವ ಭಾಗವಿಲ್ಲದ ಟ್ರಾನ್ಸ್‌ಫಾರ್ಮರಿಗೆ ಫೇಸ್‌ಗಳ ಸರದಿ ಯಾವುದಾದರೂ ಒಂದೇ, ಹಾಗಾಗಿ ನೆಗೆಟಿವ್ ಸೀಕ್ವೆನ್ಸಿನ Z2 ಕೂಡ ಅಷ್ಟೇ ಎಂದಿಟ್ಟುಕೊಳ್ಳಬಹುದು.

ಜೀರೋ ಸೀಕ್ವೆನ್ಸಿನ Z0 ಬೇರೆ. ಎಲ್.ಟಿ. ಕಡೆ ಮೂರು ಫೇಸ್‌ಗಳಲ್ಲೂ ಒಂದೇ ದಿಕ್ಕಿನ ಕರೆಂಟ್ ಹರಿದರೆ ಅದಕ್ಕೆ ಉತ್ತರವಾಗಿ ಡೆಲ್ಟಾದ ಮೂರು ಸುರುಳಿಗಳಲ್ಲೂ ಒಂದೇ ದಿಕ್ಕಿನ ಕರೆಂಟ್ ಹುಟ್ಟುತ್ತದೆ. ತ್ರಿಕೋನವಾಗಿ ಕೂಡಿಸಿದ ಸುರುಳಿಗಳಲ್ಲಿ ಅದು ಒಳಗೊಳಗೇ ಸುತ್ತುತ್ತದೆ, 11 ಕೆವಿ ತಂತಿಗೆ ಹೊರಬೀಳುವುದೇ ಇಲ್ಲ. ಆದ್ದರಿಂದ ಮೇಲಿನ ಲೈನಿನ ತಡೆ Z0 ಲೆಕ್ಕಕ್ಕೆ ಸೇರುವುದಿಲ್ಲ. ಉಳಿಯುವುದು ಟ್ರಾನ್ಸ್‌ಫಾರ್ಮರಿನ 0.0338 ಓಮ್ ಮಾತ್ರ.

ಮುಂದಿನ ಹೆಜ್ಜೆ ಇಡೀ ವಿಧಾನದ ತಿರುಳು. ಆರ್ ಫೇಸ್ ಮಾತ್ರ ತಗುಲಿದೆ, ವೈ ಮತ್ತು ಬಿ ಫೇಸ್‌ಗಳಲ್ಲಿ ಕರೆಂಟ್ ಇಲ್ಲ. ಹೀಗಿದ್ದಾಗ ಮೂರು ಗುಂಪುಗಳ ಪಾಲೂ ಸಮನಾಗಿರಲೇಬೇಕು, ಅಂದರೆ ತಲಾ ಫಾಲ್ಟ್ ಕರೆಂಟಿನ ಮೂರನೆಯ ಒಂದು ಪಾಲು. ಜೊತೆಗೆ ತಗುಲಿದ ಜಾಗದಲ್ಲಿ ಆರ್ ಫೇಸಿನ ವೋಲ್ಟೇಜ್ ಸೊನ್ನೆಯಾಗಿದೆ, ಅಂದರೆ ಮೂರು ಗುಂಪುಗಳ ವೋಲ್ಟೇಜ್ ಕೂಡಿದರೂ ಸೊನ್ನೆ. ಒಂದೇ ಕರೆಂಟ್ ಮೂರು ತಡೆಗಳನ್ನು ದಾಟಿ 250 ವೋಲ್ಟನ್ನು ಪೂರ್ತಿ ಕಬಳಿಸುತ್ತಿದೆ ಎಂದರೆ ಅವು ಒಂದರ ಹಿಂದೊಂದು, ಸರಣಿಯಲ್ಲಿ ಇವೆ ಎಂದೇ ಅರ್ಥ. ಸೂತ್ರ ಹೀಗೆ:

```
If = 3E / (Z1 + Z2 + Z0 + 3Zf)
```

ಇಲ್ಲಿ E ಎಂದರೆ 250 ವೋಲ್ಟ್. Zf ಎಂದರೆ ತಗುಲಿದ ಜಾಗದ ತಡೆ. ತಂತಿ ಟರ್ಮಿನಲ್ಲಿನಲ್ಲೇ ನೇರವಾಗಿ ನ್ಯೂಟ್ರಲ್‌ಗೆ ಅಂಟಿದೆ ಎಂದರೆ Zf ಸೊನ್ನೆ. ಕೆಳಗಿನ ಮೊತ್ತ 0.105 ಓಮ್. 750ನ್ನು 0.105ರಿಂದ ಭಾಗಿಸಿದರೆ ಸುಮಾರು 7,140 ಆಂಪಿಯರ್. ಒಂದೊಂದು ಗುಂಪಿನ ಪಾಲು 2,380. ಆರ್ ಫೇಸಿನಲ್ಲಿ ಈ ಮೂರೂ ಒಂದೇ ದಿಕ್ಕಿಗೆ ಕೂಡಿ 7,140 ಆಗುತ್ತವೆ. ವೈ ಮತ್ತು ಬಿಗಳಲ್ಲಿ ಅವೇ ಮೂರು 120 ಡಿಗ್ರಿ ದೂರ ನಿಂತು ಒಂದನ್ನೊಂದು ಅಳಿಸಿಹಾಕುತ್ತವೆ. ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೂರೂ ಫೇಸ್ ಒಟ್ಟಿಗೆ ಶಾರ್ಟ್ ಆಗಿದ್ದರೆ? 250ನ್ನು 0.0356ರಿಂದ ಭಾಗಿಸಿದರೆ ಸುಮಾರು 7,020 ಆಂಪಿಯರ್. ಒಂದೇ ಫೇಸಿನ ದೋಷದಲ್ಲಿ ಅದಕ್ಕಿಂತ ಹೆಚ್ಚು! ಮೂರು ಫೇಸಿನ ದೋಷವೇ ಯಾವಾಗಲೂ ಅತಿ ದೊಡ್ಡದು ಎಂದು ನಂಬಿ ಸ್ವಿಚ್ ಆರಿಸುವವರು ಇಲ್ಲಿ ಎಡವುತ್ತಾರೆ. ಮೂರು ಕಾಲಿನ ಕೋರ್ ಇರುವ ಟ್ರಾನ್ಸ್‌ಫಾರ್ಮರಿನಲ್ಲಿ Z0 ಇನ್ನೂ ಸ್ವಲ್ಪ ಕಡಿಮೆ ಇರುವುದುಂಟು. ಅದು ಟ್ರಾನ್ಸ್‌ಫಾರ್ಮರಿನ ಆ 0.0338 ಓಮ್‌ಗಿಂತ ಶೇಕಡ ಹತ್ತು ಪಾಲು ತಗ್ಗಿದರೆ ಕರೆಂಟ್ ಸುಮಾರು 7,400ಕ್ಕೆ ಏರುತ್ತದೆ. ಇದನ್ನು ಅಳೆಯಬಹುದು. ಮೂರು ಎಲ್.ಟಿ. ಟರ್ಮಿನಲ್‌ಗಳನ್ನು ಒಂದುಗೂಡಿಸಿ, ಅವಕ್ಕೂ ನ್ಯೂಟ್ರಲ್‌ಗೂ ನಡುವೆ ಸಣ್ಣ ವೋಲ್ಟೇಜ್ ಕೊಟ್ಟು, ಹರಿದ ಒಟ್ಟು ಕರೆಂಟಿನಿಂದ ವೋಲ್ಟೇಜನ್ನು ಭಾಗಿಸಿ ಮೂರರಿಂದ ಗುಣಿಸಿದರೆ Z0 ಸಿಗುತ್ತದೆ. ಡೆಲ್ಟಾ ಇಲ್ಲದ ಸ್ಟಾರ್–ಸ್ಟಾರ್ ಟ್ರಾನ್ಸ್‌ಫಾರ್ಮರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ Z0 ಹಲವು ಪಟ್ಟು ಹೆಚ್ಚು, ಕರೆಂಟ್ ಅಷ್ಟೇ ಕಡಿಮೆ.

ಇಷ್ಟು ಭಾರೀ ಕರೆಂಟ್ ಹರಿಯುವಾಗ 11 ಕೆವಿ ಕಡೆ ಏನು ಕಾಣುತ್ತದೆ? ಆರ್ ಫೇಸಿನ ಎದುರಿನ ಡೆಲ್ಟಾ ಸುರುಳಿ ಎರಡು ತಂತಿಗಳ ನಡುವೆ ಕೂತಿದೆ. ಹಾಗಾಗಿ ಒಂದು ತಂತಿಯಲ್ಲಿ 162 ಆಂಪಿಯರ್ ಬಂದು ಇನ್ನೊಂದರಲ್ಲಿ ಅಷ್ಟೇ ಹಿಂತಿರುಗುತ್ತದೆ, ಮೂರನೆಯದರಲ್ಲಿ ಏನೂ ಇಲ್ಲ. ಮೂರು ಫೇಸಿನ ದೋಷದಲ್ಲಿ ಪ್ರತಿ ತಂತಿಯಲ್ಲೂ 276 ಆಂಪಿಯರ್ ಇರುತ್ತಿತ್ತು. ಅಂದರೆ ಎಲ್.ಟಿ. ಕಡೆ ಅತಿ ದೊಡ್ಡದಾದ ದೋಷ ಹೆಚ್.ಟಿ. ಫ್ಯೂಸಿಗೆ ಸಣ್ಣದಾಗಿ ಕಾಣುತ್ತದೆ. ಹೋದ ಕರೆಂಟ್ ತಂತಿಯಲ್ಲೇ ಹಿಂತಿರುಗುವುದರಿಂದ ಸಬ್‌ಸ್ಟೇಷನ್ನಿನ ಅರ್ಥ್ ಫಾಲ್ಟ್ ರಿಲೇಗೆ ಇದರ ಸುಳಿವೇ ಸಿಗುವುದಿಲ್ಲ.

ಇಲ್ಲಿಯವರೆಗೆ ದೋಷ ಟಿಸಿಯ ಬುಡದಲ್ಲಿತ್ತು. ಅದನ್ನು ಲೈನಿನ ತುದಿಗೆ ಒಯ್ಯೋಣ. 400 ಮೀಟರ್ ದೂರ, ಕಿಲೋಮೀಟರಿಗೆ ಸುಮಾರು 0.9 ಓಮ್ ಇರುವ ತೆಳು ಅಲ್ಯೂಮಿನಿಯಂ ತಂತಿ, ನ್ಯೂಟ್ರಲ್ ಕೂಡ ಅದೇ ಗಾತ್ರ. ತುದಿಯವರೆಗೆ ಒಂದು ತಂತಿಗೆ 0.36 ಓಮ್. Z1ಕ್ಕೂ Z2ಕ್ಕೂ ಅಷ್ಟಷ್ಟು ಸೇರುತ್ತದೆ. Z0ಗೆ ಸೇರಿಸುವಾಗಲೇ ಆ ಮೂರು ಪಟ್ಟಿನ ಕೆಲಸ. ನ್ಯೂಟ್ರಲ್ ಮೂರು ಫೇಸ್‌ಗಳ ಜೀರೋ ಸೀಕ್ವೆನ್ಸ್ ಕರೆಂಟನ್ನೂ ಹೊರುವುದರಿಂದ ಅದರ ತಡೆಯನ್ನು ಮೂರರಿಂದ ಗುಣಿಸಿ ಸೇರಿಸಬೇಕು: 0.36ಕ್ಕೆ 1.08 ಸೇರಿ 1.44 ಓಮ್. ಮೂರೂ ಸೇರಿ 2.16 ಓಮ್. ತಂತಿಯ ರಿಯಾಕ್ಟೆನ್ಸ್ ಮತ್ತು ಟ್ರಾನ್ಸ್‌ಫಾರ್ಮರಿನ ತಡೆ ಇದಕ್ಕೆ ಲಂಬಕೋನದಲ್ಲಿ ನಿಲ್ಲುತ್ತವೆ, ನೇರವಾಗಿ ಕೂಡುವಂತಿಲ್ಲ. ಅವನ್ನೂ ಸರಿಯಾಗಿ ಸೇರಿಸಿದರೆ ಸುಮಾರು 2.3 ಓಮ್ ಆಗುತ್ತದೆ. ಫಾಲ್ಟ್ ಕರೆಂಟ್ ಸುಮಾರು 325 ಆಂಪಿಯರ್.

ಟಿಸಿಯ ಪೂರ್ಣ ಕರೆಂಟ್ 333 ಆಂಪಿಯರ್ ಎಂದು ಮೇಲೆ ನೋಡಿದೆವಲ್ಲ, ಲೈನಿನ ತುದಿಯ ಶಾರ್ಟ್ ಅದಕ್ಕಿಂತಲೂ ಕಡಿಮೆ. ಹೆಚ್.ಟಿ. ಕಡೆ ಇದು 7.4 ಆಂಪಿಯರ್ ಮಾತ್ರ, ಅಲ್ಲಿನ ಪೂರ್ಣ ಕರೆಂಟೇ 13. ಆ ಫ್ಯೂಸ್ ಯಾವತ್ತೂ ಹೋಗದು. ಎಲ್.ಟಿ. ಕಡೆ 200 ಆಂಪಿಯರಿನ ಸರಿಯಾದ ಫ್ಯೂಸ್ ಇದ್ದರೂ ಅದು ಕರಗಲು ಬಹಳ ಹೊತ್ತು ಬೇಕು. ಪದೇಪದೇ ಹೋಗುತ್ತದೆಂದು ಅದರ ಜಾಗಕ್ಕೆ ದಪ್ಪ ತಂತಿ ಸುತ್ತಿಟ್ಟಿದ್ದರೆ, ಲೈನ್ ಕೆಂಪಗೆ ಕಾಯುತ್ತಿದ್ದರೂ ಕರೆಂಟ್ ನಿಲ್ಲುವುದಿಲ್ಲ.

ತುಂಡಾದ ಫೇಸ್ ತಂತಿ ಒಣ ನೆಲದ ಮೇಲೆ ಬಿದ್ದರಂತೂ ಲೆಕ್ಕ ಇನ್ನೂ ಕೆಡುತ್ತದೆ. ಮಣ್ಣಿನ ಮತ್ತು ಅರ್ಥಿಂಗಿನ ತಡೆ ಸೇರಿ 50 ಓಮ್ ಎಂದುಕೊಂಡರೆ, ಸೂತ್ರದಲ್ಲಿ ಅದೂ ಮೂರು ಪಟ್ಟಾಗಿ 150 ಓಮ್ ಆಗುತ್ತದೆ. ಉಳಿದ ತಡೆಗಳೆಲ್ಲ ಅದರ ಮುಂದೆ ಲೆಕ್ಕಕ್ಕಿಲ್ಲ. ಉತ್ತರ 5 ಆಂಪಿಯರ್, ಒಂದು ಗೀಸರ್ ಎಳೆಯುವುದಕ್ಕಿಂತ ಕಡಿಮೆ. ಯಾವ ಫ್ಯೂಸಿಗೂ ಇದು ದೋಷವೆಂದು ಕಾಣುವುದಿಲ್ಲ. ಆದರೆ ತಂತಿಯಲ್ಲಿ 250 ವೋಲ್ಟ್ ಹಾಗೆಯೇ ಇದೆ, ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೂ ಸಾಕು.

ಹೀಗಾಗಿ ಈ ಲೆಕ್ಕವನ್ನು ಎರಡು ಸಲ ಮಾಡಬೇಕು. ಟರ್ಮಿನಲ್ಲಿನ ದೊಡ್ಡ ಸಂಖ್ಯೆ ಸ್ವಿಚ್ಚಿನ ಶಕ್ತಿಯನ್ನು ಗೊತ್ತುಮಾಡುತ್ತದೆ. 7,140 ಆಂಪಿಯರ್ ಬರುವಲ್ಲಿ ಕನಿಷ್ಠ 10 ಕಿಲೋ ಆಂಪಿಯರ್ ತಡೆಯುವ ಬ್ರೇಕರ್ ಬೇಕು. ಲೈನಿನ ತುದಿಯ ಸಣ್ಣ ಸಂಖ್ಯೆ ಫ್ಯೂಸಿನ ಗಾತ್ರವನ್ನೂ ಲೈನಿನ ಉದ್ದವನ್ನೂ ಗೊತ್ತುಮಾಡುತ್ತದೆ. ಎಷ್ಟೋ ಕಡೆ ಮೊದಲನೆಯದನ್ನು ಮಾತ್ರ ಮಾಡಿ ಬಿಡುತ್ತಾರೆ, ಜೀವ ಉಳಿಸುವುದು ಎರಡನೆಯದು. ತಂತಿ ಕಡಿದು ನೆಲದ ಮೇಲೆ ಬಿದ್ದಿರುವುದನ್ನು ಕಂಡರೆ ಕರೆಂಟ್ ತಾನಾಗಿ ಕಡಿತವಾಗಿರುತ್ತದೆ ಎಂದು ನಂಬಬೇಡಿ. ದೂರ ನಿಂತು, ಬೇರೆಯವರನ್ನೂ ದನಕರುಗಳನ್ನೂ ದೂರವಿರಿಸಿ, ಕೂಡಲೇ 1912ಕ್ಕೆ ಕರೆ ಮಾಡಿ.