ಕನ್ನಡದ ‘ನಾನು’ ಮತ್ತು ಸ್ಪ್ಯಾನಿಷ್ ವಿಶೇಷಣಗಳು

‘ಒಳ್ಳೆಯ ಹುಡುಗ’, ‘ಒಳ್ಳೆಯ ಹುಡುಗಿ’ - ಕನ್ನಡದಲ್ಲಿ ವಿಶೇಷಣ ಬದಲಾಗದು. ಲಿಂಗವನ್ನು ತೋರುವುದು ‘ಬಂದನು’, ‘ಬಂದಳು’ ಎಂಬ ಪ್ರಥಮ ಪುರುಷದ ಕ್ರಿಯಾಪದ. ‘ನಾನು’ ಎಂದೊಡನೆ ಆ ಸುಳಿವೂ ಮರೆಯಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ವಿರುದ್ಧ: ಕ್ರಿಯಾಪದ ಲಿಂಗ ತೋರದು, ವಿಶೇಷಣ ತೋರುತ್ತದೆ.

ಗಜೇಂದ್ರಗಡದ ಕೈಮಗ್ಗದ ನೇಕಾರರೊಬ್ಬರು ‘ನಾನು ದಣಿದಿದ್ದೇನೆ’ ಎಂದರೆನ್ನಿ. ಸ್ಪ್ಯಾನಿಷ್‌ನಲ್ಲಿ ಗಂಡಸಾದರೆ ‘ಎಸ್ತೊಯ್ ಕಾನ್ಸಾದೊ’, ಹೆಂಗಸಾದರೆ ‘ಎಸ್ತೊಯ್ ಕಾನ್ಸಾದಾ’. ನೀವು ಯಾವುದನ್ನು ಬರೆಯುವಿರಿ?

ಮೊದಲು ಸುತ್ತಲಿನ ಮಾತನ್ನು ಓದಿ. ರೋಣ, ನರಗುಂದದ ಕಡೆಯ ಆಡುಮಾತಿನಲ್ಲಿ ಬೇರೊಬ್ಬರು ಇವರನ್ನು ‘ಅಂವ’ ಎಂದರೋ ‘ಅಕಿ’ ಎಂದರೋ ನೋಡಿ. ‘ಯಕ್ಕಾ’, ‘ಯಜ್ಜಾ’ ಎಂದು ಕರೆದಿದ್ದರೂ ಸಾಕು. ‘ಅವರು ಬಂದರು’ ಎಂಬ ಗೌರವದ ಮಾತು ಏನನ್ನೂ ಹೇಳದು. ‘ಗೊತ್ತಿಲ್ಲಪ್ಪ’ ಎಂಬಲ್ಲಿನ ‘ಅಪ್ಪ’ನನ್ನೂ ನಂಬಬೇಡಿ, ಅದು ಬರಿಯ ಮಾತಿನ ಒತ್ತು. ಆದರೆ ‘ಸಿದ್ಧನಾಗಿದ್ದೇನೆ’, ‘ಸಿದ್ಧಳಾಗಿದ್ದೇನೆ’ ಎಂಬಲ್ಲಿ ‘ನಾನು’ ಕೂಡ ಲಿಂಗವನ್ನು ಬಿಟ್ಟುಕೊಡುತ್ತದೆ. ಇಂಥ ಒಂದು ಪದ ಸಿಕ್ಕರೆ ಇಡೀ ಸಂದರ್ಶನಕ್ಕೆ ಉತ್ತರ ಸಿಕ್ಕಂತೆ.

ಸುಳಿವೇ ಇಲ್ಲದಿದ್ದರೆ? ವಾಕ್ಯದ ರಚನೆಯನ್ನು ಬದಲಿಸಬಹುದು. ‘ಮೆ ಎ ಕಾನ್ಸಾದೊ’ ಎಂದರೆ ‘ನಾನು ದಣಿದಿದ್ದೇನೆ’ ಎಂದೇ. ಇಲ್ಲಿಯೂ ಕೊನೆಯಲ್ಲಿ ‘ದೊ’ ಇದೆಯಲ್ಲ ಎನ್ನಬಹುದು. ಆದರೆ ‘ಅಬೆರ್’ ಎಂಬ ಸಹಾಯಕ ಕ್ರಿಯಾಪದದ ಜೊತೆ ಬಂದ ಕೃದಂತ ಲಿಂಗಕ್ಕೆ ಹೊಂದಿಕೊಳ್ಳುವುದಿಲ್ಲ. ಹೆಂಗಸೂ ಹೀಗೆಯೇ ಹೇಳುತ್ತಾಳೆ. ಇದು ದಣಿವು ಬಂದುದನ್ನು ಹೇಳುತ್ತದೆ, ‘ಎಸ್ತೊಯ್’ ದಣಿದ ಸ್ಥಿತಿಯನ್ನು. ನಮ್ಮ ‘ದಣಿದು ಇದ್ದೇನೆ’ ಎರಡನ್ನೂ ಒಳಗೊಂಡಿರುವುದರಿಂದ ನಷ್ಟ ಹೆಚ್ಚಿಲ್ಲ. ಲ್ಯಾಟಿನ್ ಅಮೆರಿಕದ ಓದುಗರಿಗೆ ಹಲವೆಡೆ ‘ಮೆ ಕಾನ್ಸೆ’ ಹೆಚ್ಚು ಸಹಜ, ಅದಕ್ಕೂ ಲಿಂಗವಿಲ್ಲ.

ಮುಂದೆ ಅವರೇ ‘ನನಗೆ ನೂಲಿನ ಬೆಲೆಯದೇ ಚಿಂತೆ’ ಎನ್ನುತ್ತಾರೆ. ಇಲ್ಲಿ ‘ಪ್ರೆಓಕುಪಾದೊ’, ‘ಪ್ರೆಓಕುಪಾದಾ’ ಎಂಬ ಆಯ್ಕೆಗೆ ಹೋಗಬೇಕಿಲ್ಲ. ಕನ್ನಡದ ‘ನನಗೆ’ಯಂತೆಯೇ ಸ್ಪ್ಯಾನಿಷ್‌ನಲ್ಲಿ ‘ಮೆ’ ಇದೆ: ‘ಮೆ ಪ್ರೆಓಕುಪಾ ಎಲ್ ಪ್ರೆಸಿಯೊ ದೆಲ್ ಇಲೊ’, ನೂಲಿನ ಬೆಲೆ ನನ್ನನ್ನು ಕಾಡುತ್ತದೆ. ಆದರೆ ಚಿಂತೆಯ ಕಾರಣ ಮೂಲದಲ್ಲಿ ಇಲ್ಲದಿದ್ದರೆ ಈ ದಾರಿ ಮುಚ್ಚುತ್ತದೆ. ಕಾರಣವನ್ನು ನೀವು ಹುಟ್ಟಿಸುವಂತಿಲ್ಲ. ದುಃಖ, ಸಂತೋಷಗಳಿಗೆ ಚಿಂತೆಯಿಲ್ಲ: ‘ತ್ರಿಸ್ತೆ’, ‘ಫೆಲಿಸ್’ ಎರಡು ಲಿಂಗಕ್ಕೂ ಒಂದೇ. ‘ಒಪ್ತಿಮಿಸ್ತಾ’ ಆಕಾರದಲ್ಲಿ ಮುಗಿದರೂ ಸ್ತ್ರೀಲಿಂಗವೆಂದು ತಿಳಿಯಬೇಡಿ. ಆಶಾವಾದಿ ಗಂಡಸೂ ಅದೇ.

ಈ ಉಪಾಯಗಳನ್ನು ಪ್ರತಿ ವಾಕ್ಯಕ್ಕೂ ಹಾಕಿದರೆ ಭಾಷೆ ಕೃತಕವಾಗುತ್ತದೆ. ಹೇಳಿದವರನ್ನೇ ಕೇಳಲು ಸಾಧ್ಯವಿದ್ದರೆ ಅದೇ ಮೇಲು. ಅನುವಾದ ಮುಗಿದ ಮೇಲೆ ‘ನಾನು’ವಿಗೆ ಸೇರಿದ ವಿಶೇಷಣಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದು ನೋಡಿ. ಮೂರನೆಯ ಸಾಲಿನಲ್ಲಿ ‘ಕಾನ್ಸಾದಾ’, ಒಂಬತ್ತನೆಯದರಲ್ಲಿ ‘ಲಿಸ್ತೊ’ ಎಂದಿದ್ದರೆ ಒಬ್ಬರೇ ನೇಕಾರರು ಇಬ್ಬರಾಗಿದ್ದಾರೆ. ‘ನಾವು’ ಬಂದಲ್ಲಿ ಇನ್ನೊಮ್ಮೆ ನೋಡಿ: ಮಾತಾಡುವವರೆಲ್ಲ ಹೆಂಗಸರಾದರೆ ಮಾತ್ರ ‘ಕಾನ್ಸಾದಾಸ್’, ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ ರೂಢಿಯ ವ್ಯಾಕರಣದಂತೆ ‘ಕಾನ್ಸಾದೊಸ್’.