ಎನ್‌ಡಿಎ ಓದಿ, ಸೇಲ್ಸ್‌ನವರಿಗೆ ತಿಳಿಸುವುದು

ಪೀಣ್ಯದ ಒಂದು ಮಷಿನಿಂಗ್ ಕಾರ್ಖಾನೆ ಪುಣೆಯ ಪಂಪ್ ಕಂಪನಿಯೊಂದಕ್ಕೆ ಬಿಡಿಭಾಗ ಮಾಡಿಕೊಡುವ ಮಾತುಕತೆಗೆ ಇಳಿದಿದೆ ಎಂದುಕೊಳ್ಳಿ. ಪರಸ್ಪರ ಗೋಪ್ಯತೆಯ ಒಪ್ಪಂದಕ್ಕೆ, ಎಂದರೆ ಎಲ್ಲರೂ ಹೇಳುವ ಎನ್‌ಡಿಎಗೆ, ಮಾಲೀಕರು ಸಹಿ ಹಾಕಿದ್ದಾರೆ. ಆದರೆ ದಿನವೂ ಫೋನಿನಲ್ಲಿ ಮಾತಾಡುವವರು ಸೇಲ್ಸ್‌ನವರು. ಅವರಿಗೆ "ಗೋಪ್ಯ ಮಾಹಿತಿ ಹೊರಗೆ ಬಿಡಬೇಡಿ" ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಯಾವುದು ಗೋಪ್ಯ ಎನ್ನುವುದೇ ಅವರ ಪ್ರಶ್ನೆ.

ಆದ್ದರಿಂದ ಸಾರಾಂಶ ಬರೆಯುವವರು ಮೊದಲು ಹುಡುಕಬೇಕಾದದ್ದು ಉದ್ದೇಶದ ಕಲಮು. ಈ ಒಪ್ಪಂದದಲ್ಲಿ ಅದು "ಬಿಡಿಭಾಗ ಪೂರೈಕೆಯ ಸಾಧ್ಯತೆ ಪರಿಶೀಲಿಸಲು" ಎಂದಿದೆ. ಹಾಗಾದರೆ ಪುಣೆಯವರು ಕಳಿಸಿದ ಡ್ರಾಯಿಂಗ್ ನೋಡಿ ಕೊಟೇಶನ್ ಹಾಕಬಹುದು. ಅದೇ ಡ್ರಾಯಿಂಗ್‌ನಿಂದ ಅವರ ಹೊಸ ಮಾಡೆಲ್ ಊಹಿಸಿ ಇನ್ನೊಂದು ಪಂಪ್ ಕಂಪನಿಗೆ ಮಾಲು ಮಾರಲು ಹೊರಟರೆ, ಡ್ರಾಯಿಂಗನ್ನು ಯಾರಿಗೂ ತೋರಿಸದಿದ್ದರೂ ಕರಾರು ಮುರಿದಂತೆಯೇ. ಇದು ಬಹಳ ಮಂದಿಗೆ ಹೊಳೆಯುವುದಿಲ್ಲ. ಕೊಡುವುದಷ್ಟೇ ಅಲ್ಲ, ಬಳಸುವುದಕ್ಕೂ ಮಿತಿಯಿದೆ.

ಎರಡನೆಯದು, ಯಾರಿಗೆ ಎನ್ನುವುದು. ಸಾಮಾನ್ಯವಾಗಿ ಕೆಲಸಕ್ಕೆ ತಿಳಿದಿರಲೇಬೇಕಾದ ನೌಕರರು, ವಕೀಲರು, ಆಡಿಟರ್ ಇಷ್ಟೇ ಜನ. ಪ್ಲೇಟಿಂಗ್‌ಗೆ ಹೊರಗಿನ ಜಾಬ್‌ವರ್ಕ್ ಶೆಡ್ಡಿಗೆ ಡ್ರಾಯಿಂಗ್ ವಾಟ್ಸ್‌ಆ್ಯಪ್ ಮಾಡುವುದು ಎಲ್ಲ ಕಡೆ ನಡೆಯುವ ಮಾತು. ಒಪ್ಪಂದದಲ್ಲಿ ಗುತ್ತಿಗೆದಾರರ ಹೆಸರಿಲ್ಲದಿದ್ದರೆ ಅದಕ್ಕೆ ಪುಣೆಯವರ ಲಿಖಿತ ಒಪ್ಪಿಗೆ ಬೇಕು.

ಪರಸ್ಪರ ಎಂದಮೇಲೆ ನಮ್ಮ ಗುಟ್ಟೂ ಇದರೊಳಗೇ ಬರುತ್ತದೆ. ಇಲ್ಲೇ ಹೆಚ್ಚು ನಷ್ಟವಾಗುವುದು. ಕೆಲವು ಒಪ್ಪಂದಗಳು "ಗೋಪ್ಯ" ಎಂದು ಗುರುತು ಹಾಕಿದ್ದನ್ನು ಮಾತ್ರ ಕಾಪಾಡುತ್ತವೆ; ಬಾಯಲ್ಲಿ ಹೇಳಿದ್ದನ್ನು ಇಂತಿಷ್ಟು ದಿನದೊಳಗೆ, ಬಹುಶಃ 30 ದಿನ, ಬರೆದು ಖಚಿತಪಡಿಸಬೇಕು ಎನ್ನುತ್ತವೆ. ಮೀಟಿಂಗ್‌ನಲ್ಲಿ ನಮ್ಮ ತಯಾರಿಕಾ ವೆಚ್ಚ ಬಿಡಿಸಿ ಹೇಳಿ ಬಂದ ಸೇಲ್ಸ್‌ನವರು ಮೇಲ್ ಹಾಕುವುದನ್ನು ಮರೆತರೆ, ಆ ಲೆಕ್ಕಕ್ಕೆ ಕರಾರಿನ ರಕ್ಷಣೆ ಸಿಗದೆ ಹೋಗಬಹುದು. ನಾನಾದರೆ ಸಾರಾಂಶದ ಮೊದಲ ಸಾಲನ್ನೇ ಹೀಗೆ ಬರೆಯುತ್ತೇನೆ: "ಕೊಟೇಶನ್ ಮೇಲೆ 'ಗೋಪ್ಯ' ಎಂದು ಬರೆಯಿರಿ, ಬಾಯಲ್ಲಿ ಹೇಳಿದ ದರವನ್ನು ಅಂದೇ ಮೇಲ್ ಮಾಡಿ (ಕಲಮು 2)." ಕಲಮಿನ ಸಂಖ್ಯೆ ಇದ್ದರೆ ಅನುಮಾನ ಬಂದಾಗ ಮೂಲವನ್ನು ತೆರೆದು ನೋಡಬಹುದು.

ಕ್ಯಾಟಲಾಗ್, ವೆಬ್‌ಸೈಟಿನಲ್ಲಿರುವ ಯಂತ್ರಗಳ ಪಟ್ಟಿ, ಐಎಸ್‌ಒ ಪ್ರಮಾಣಪತ್ರ ಇವನ್ನು ಧಾರಾಳವಾಗಿ ಕೊಡಬಹುದು, ಅವು ಮೊದಲೇ ಬಹಿರಂಗ. ಆದರೆ ಬೇರೆ ಗಿರಾಕಿಗೆ ಕೊಟ್ಟ ದರವನ್ನು ಪುಣೆಯವರಿಗೆ ತೋರಿಸುವ ಹಾಗಿಲ್ಲ. ಆ ಗಿರಾಕಿಯೊಂದಿಗೆ ಬೇರೆಯದೇ ಎನ್‌ಡಿಎ ಇದ್ದೀತು, ಅದಕ್ಕೆ ಈ ಒಪ್ಪಂದ ಅನುಮತಿ ಕೊಡಲಾರದು.

ಮಾತುಕತೆ ನಡೆಯುತ್ತಿದೆ ಎಂಬುದೇ ಗೋಪ್ಯ ಎನ್ನುವ ಕಲಮೂ ಕೆಲವದರಲ್ಲಿ ಇರುತ್ತದೆ. ಆಗ ಎಕ್ಸಿಬಿಷನ್ ಸ್ಟಾಲಿನಲ್ಲಿ ಯಾರಾದರೂ "ಪುಣೆಯವರಿಗೆ ಸಪ್ಲೈ ಶುರುವಾಯ್ತಂತೆ?" ಎಂದು ಕೇಳಿದರೆ ಹೌದು ಎನ್ನುವುದೂ ತಪ್ಪು. "ಗಿರಾಕಿಗಳ ವಿಷಯ ನಾವು ಮಾತಾಡುವುದಿಲ್ಲ ಸಾರ್" ಎಂಬ ಉತ್ತರವನ್ನು ಸಾರಾಂಶದಲ್ಲೇ ಬರೆದುಕೊಡಬೇಕು. ಆರ್ಡರ್ ಕೈತಪ್ಪಿದ ಮೇಲೂ ಈ ಉತ್ತರ ಬದಲಾಗದು. ಒಪ್ಪಂದ ಮುಗಿದ ನಂತರವೂ ಗುಟ್ಟು ಕಾಯುವ ಅವಧಿ ವರ್ಷಗಟ್ಟಲೆ ಉಳಿಯುವುದರಿಂದ, ಹಾಳೆಯ ಮೇಲ್ಗಡೆ ಆ ಕೊನೆಯ ತಾರೀಕನ್ನೂ ನಮೂದಿಸಬೇಕು.